‘ಈಗ ಕಷ್ಟ’ ಅಂದರೆ ‘ಆಮೇಲೆ ಬನ್ನಿ’ ಅಂತ ಅರ್ಥ

ಪ್ರಶ್ನೆ: ಊರಿನ ಸಂಬಂಧಿಕರೊಬ್ಬರು ಮೂರ್ನಾಲ್ಕು ವಾರ ನಮ್ಮ ಮನೆಯಲ್ಲೇ ಇರುತ್ತೇನೆ ಅನ್ನುತ್ತಿದ್ದಾರೆ. ಅವರಿಗೆ ಬೇಜಾರಾಗದ ಹಾಗೆ ಬೇಡ ಅನ್ನುವುದು ಹೇಗೆ?

ಅಯ್ಯೋ, ಇದು ನನ್ನದೇ ಕಥೆ. 2019ರ ಮಾರ್ಚ್‌ನಲ್ಲಿ ಅರಸೀಕೆರೆಯಿಂದ ಚಿಕ್ಕಪ್ಪ ಫೋನ್ ಮಾಡಿದರು. ಮಗ ಇಂಜಿನಿಯರಿಂಗ್ ಮುಗಿಸಿ ವರ್ಷವಾಗುತ್ತಾ ಬಂದಿತ್ತು, ಕೆಲಸ ಸಿಕ್ಕಿರಲಿಲ್ಲ. "ಬೆಂಗಳೂರಲ್ಲಿ ಅದೇನೋ ಜಾವಾ ಕೋರ್ಸ್ ಸೇರ್ತಾನಂತೆ ಕಣೋ. ಒಂದು ಮೂರು ವಾರ ನಿಮ್ಮನೇಲಿ ಇರ್ತಾನೆ, ಅಷ್ಟರಲ್ಲಿ ಪಿಜಿ ನೋಡ್ಕೋತಾನೆ" ಅಂದರು.

ವಿಜಯನಗರದಲ್ಲಿ ನಮ್ಮದು ಎರಡು ರೂಮಿನ ಬಾಡಿಗೆ ಮನೆ. ಬಚ್ಚಲು ಒಂದೇ. ಮಗಳು ಎಸ್ಸೆಸ್ಸೆಲ್ಸಿ. ನಾನು ಅಂದೆ, "ಚಿಕ್ಕಪ್ಪ, ಮಗಳ ಪರೀಕ್ಷೆ ಇದೆ, ಈಗ ಕಷ್ಟ ಆಗುತ್ತೆ."

ಆ ‘ಈಗ’ ಅನ್ನೋ ಎರಡಕ್ಷರ ನನಗೆ ಎಷ್ಟು ದುಬಾರಿ ಆಯಿತು ಅಂದರೆ, ಸ್ವಲ್ಪ ಬಿಡಿಸಿ ಹೇಳಲೇಬೇಕು. ನನ್ನ ಮನಸ್ಸಿನಲ್ಲಿ ಅದು ‘ಬೇಡ’. ಚಿಕ್ಕಪ್ಪನ ಕಿವಿಗೆ ಅದು ‘ಪರೀಕ್ಷೆ ಮುಗಿದ ಮೇಲೆ’. ಅವರ ತಪ್ಪಿಲ್ಲ, ನಾನು ಹೇಳಿದ್ದೇ ಅದು. "ಯಾವಾಗ ಮುಗಿಯುತ್ತೆ?" ಅಂತ ಕೇಳಿದರು. ಏಪ್ರಿಲ್ 4 ಅಂದೆ. "ಸರಿ ಹಾಗಾದ್ರೆ, 6ನೇ ತಾರೀಕು ಕಳಿಸ್ತೀನಿ" ಅಂದು ಫೋನ್ ಇಟ್ಟರು. ನೆಪ ಹೇಳಲು ಹೋಗಿ ತಾರೀಕು ಕೊಟ್ಟು ಕರೆದ ಹಾಗಾಯಿತು! ನಾನು ಪರೀಕ್ಷೆ ಬಿಟ್ಟು ಬಚ್ಚಲಿನ ಮಾತು ತೆಗೆದಿದ್ದರೂ ಅಷ್ಟೇ. ‘ಅವನು ಬೆಳಗ್ಗೆ ನಾಲ್ಕಕ್ಕೇ ಎದ್ದು ಸ್ನಾನ ಮಾಡ್ಕೋತಾನೆ ಬಿಡು’ ಅನ್ನುತ್ತಿದ್ದರು. ಕಾರಣ ಕೊಟ್ಟರೆ ಊರಿನವರು ಅದಕ್ಕೊಂದು ದಾರಿ ಹುಡುಕುತ್ತಾರೆ. ಅದು ಅವರ ಒಳ್ಳೆಯತನ.

ಹುಡುಗ 6ಕ್ಕೆ ಬಂದ. ಹೋಗಿದ್ದು ಜೂನ್ ಕೊನೆಗೆ. ಪಾಪ, ತುಂಬಾ ಸಭ್ಯ. ಅದೇ ಕಷ್ಟ, ಬೈಯಲೂ ಆಗಲ್ಲ. ಅವನು ಮಲಗುತ್ತಿದ್ದುದು ಹಾಲಿನಲ್ಲಿ. ಅಡುಗೆಮನೆಗೆ ಬಾಗಿಲಿಲ್ಲ. ಐದೂವರೆಗೆ ಏಳುವ ನನ್ನ ಹೆಂಡತಿ ಮಿಕ್ಸಿ ಹಾಕುವ ಹಾಗಿಲ್ಲ. ಚಟ್ನಿಗೆ ರಾತ್ರಿಯೇ ರುಬ್ಬಿ ಫ್ರಿಜ್‌ನಲ್ಲಿ ಇಡುತ್ತಿದ್ದಳು. ಪರೀಕ್ಷೆ ಮುಗಿಸಿದ ಮಗಳು ರಜೆಯಿಡೀ ಅವಳ ರೂಮಿನಲ್ಲೇ ಬಾಗಿಲು ಹಾಕಿಕೊಂಡು ಕೂತಳು. ನಾನು ಮಾತ್ರ ಆಫೀಸಿಗೆ ಹೋಗಿ ಪಾರಾಗುತ್ತಿದ್ದೆ, ನಿಜ ಹೇಳಬೇಕಲ್ಲ. ಪಿಜಿ ವಿಷಯ ಎತ್ತಿದರೆ "ನೋಡ್ತಾ ಇದೀನಿ ಅಣ್ಣ" ಅನ್ನುತ್ತಿದ್ದ. ಬಿಸಿ ಅನ್ನ ಸಿಗುವ ಮನೆ ಬಿಟ್ಟು ಯಾರು ನೋಡುತ್ತಾರೆ?

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಬೇಜಾರಾಗದ ಹಾಗೆ ಬೇಡ ಅನ್ನೋದು ಅಂತ ಒಂದಿಲ್ಲ. ಬೇಜಾರಾಗುತ್ತೆ. ಅವರಿಗೆ ಈಗಲೇ ಆಗಲಿ ಅಂತ ಬಿಡಿ. ಇಲ್ಲದಿದ್ದರೆ ಮೂರನೇ ವಾರದಲ್ಲಿ ನಿಮ್ಮ ಮನೆಯವರ ಮುಖ ನೋಡಿ ಬಂದವರಿಗೇ ಆಗುತ್ತೆ, ಜೊತೆಗೆ ನಿಮಗೂ.

ಎರಡು ವರ್ಷದ ಹಿಂದೆ ಸೋದರತ್ತೆ ತಮ್ಮ ಮಗನಿಗೆ ಇದೇ ಕೇಳಿದರು. ಆ ಸಲ ಅವತ್ತೇ ರಾತ್ರಿ ನಾನೇ ಫೋನ್ ಮಾಡಿದೆ. ತಡ ಮಾಡಿದರೆ ಅತ್ತೆ ಅಮ್ಮನಿಗೆ ಹೇಳಿರುತ್ತಾರೆ, ಅಮ್ಮ ‘ಬರಲಿ ಬಿಡಮ್ಮ’ ಅಂದುಬಿಟ್ಟಿರುತ್ತಾರೆ. ಹೆಂಡತಿ ಕೈಲಿ ಹೇಳಿಸಲಿಲ್ಲ. ನಮ್ಮ ಕಡೆಯವರಿಗೆ ನಾವೇ ಹೇಳಬೇಕು, ಇಲ್ಲದಿದ್ದರೆ ಊರಲ್ಲೆಲ್ಲ ‘ಸೊಸೆ ಸೇರಿಸಲಿಲ್ಲ’ ಅಂತಾಗುತ್ತೆ. ‘ನೋಡೋಣ’ ಅನ್ನಲಿಲ್ಲ. "ಅತ್ತೆ, ವಾರಗಟ್ಟಲೆ ಇಟ್ಟುಕೊಳ್ಳೋಕೆ ನಮ್ಮನೇಲಿ ಆಗಲ್ಲ. ಶನಿವಾರ ಬರಲಿ, ಎರಡು ರಾತ್ರಿ ನಮ್ಮಲ್ಲಿರಲಿ, ಭಾನುವಾರ ನಾನೇ ಕರಕೊಂಡು ಹೋಗಿ ಪಿಜಿ ಮಾಡಿಸ್ತೀನಿ." ಯಾಕೆ ಅಂದರು. "ಆಗಲ್ಲ ಅತ್ತೆ" ಅಂತಲೇ ಇನ್ನೊಂದು ಸಲ ಅಂದೆ. ಬೆವರು ಬಂತು.

ಬರೋದನ್ನು ತಿಂಗಳ ಕೊನೆಯ ಶನಿವಾರಕ್ಕೆ ಇಟ್ಟಿದ್ದೆ, ಪಿಜಿಗಳಲ್ಲಿ ಹಾಸಿಗೆ ಖಾಲಿಯಾಗೋದು ಆಗಲೇ ಜಾಸ್ತಿ. ಅವನ ಆಫೀಸಿನ ಹತ್ತಿರ ನಾಲ್ಕು ನೋಡಿದೆವು. ಊಟ ಮಾಡಿ ನೋಡಿದೆವು, ಬಿಡುವಾಗ ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯುತ್ತಾರೆ, ಎಷ್ಟು ದಿನ ಮುಂಚೆ ಹೇಳಬೇಕು ಅಂತ ಕೇಳಿಕೊಂಡೆವು. ಮೊದಲ ತಿಂಗಳ ದುಡ್ಡು ನಾನೇ ಕಟ್ಟಿದೆ. ಹನ್ನೆರಡು ವಾರದ ಸಂಸಾರಕ್ಕಿಂತ ಅಗ್ಗ, ಲೆಕ್ಕ ಹಾಕಿದ್ದೇನೆ.

ಅತ್ತೆ ಐದು ತಿಂಗಳು ಫೋನ್ ಮಾಡಲಿಲ್ಲ. ಒಂದು ಗೃಹಪ್ರವೇಶದಲ್ಲಿ ನನ್ನನ್ನು ನೋಡಿ ಪಾಯಸ ಬಡಿಸುವವನ ಕಡೆ ತಿರುಗಿಕೊಂಡರು. ಮೊನ್ನೆ ಹಬ್ಬಕ್ಕೆ ಡಬ್ಬಿ ತುಂಬಾ ಕೊಬ್ಬರಿ ಮಿಠಾಯಿ ಕಳಿಸಿದ್ದಾರೆ. ಡಬ್ಬಿ ಮೇಲೆ ಬರೆದಿರೋದು ಮಾತ್ರ ನನ್ನ ಹೆಂಡತಿ ಹೆಸರು.