23ಕ್ಕೆ ಸೇರಿದವಳಿಗೆ 30ಕ್ಕೆ ಸಂಬಳ ಬರಲಿಲ್ಲ

ಜೂನ್, ಜುಲೈ ಬಂದರೆ ಸಾಕು, ಇಂಥ ಒಬ್ಬರಾದರೂ ಆಪ್ತಸಲಹೆಗಾರ್ತಿಯಾದ ನನ್ನ ಮುಂದೆ ಬಂದು ಕೂರುತ್ತಾರೆ. ಹಾಗಾಗಿ ಗುರುತು ಸಿಗದ ಹಾಗೆ ವಿವರ ಬದಲಿಸಿ ಒಂದು ಪ್ರಕರಣ ಬರೆಯುತ್ತಿದ್ದೇನೆ.

ಆಕೆ ಹಾವೇರಿ ಕಡೆಯವಳು. ಬೆಂಗಳೂರಲ್ಲಿ ಮೊದಲ ಕೆಲಸ, ತಿಂಗಳಿಗೆ 24,000. ಜೂನ್ 23ಕ್ಕೆ ಸೇರಿದ್ದಳು. 30ನೇ ತಾರೀಖು ಜೊತೆಯವರ ಫೋನಿಗೆಲ್ಲ ಸಂಬಳದ ಮೆಸೇಜ್ ಬಂತು, ಇವಳಿಗೆ ಬರಲಿಲ್ಲ. ಪಿಜಿ ಬಾಡಿಗೆ 5ರೊಳಗೆ ಕಟ್ಟಬೇಕು. ಮನೆಯವರಿಗೆ ಬೇರೆ ದುಡ್ಡು ಕಳಿಸ್ತೀನಿ ಅಂದಿದ್ದಳು. ಮೂರು ರಾತ್ರಿ ನಿದ್ದೆ ಇಲ್ಲದೆ ಬಂದಿದ್ದಳು, ಫೋನಲ್ಲಿ ಒಂದು ಸಾಲದ ಆ್ಯಪ್ ಆಗಲೇ ಇಳಿಸಿಕೊಂಡಿದ್ದಳು.

ಅರ್ಧ ಗಂಟೆ ಬೇರೇನೇನೋ ಮಾತಾಡಿದ ಮೇಲೆ ಹೇಳಿದಳು: "ಮೇಡಂ, ಅವರು ನನ್ನನ್ನ ಸೇರಿಸ್ಕೊಂಡೇ ಇಲ್ಲ ಅನ್ಸುತ್ತೆ. ಕೇಳಿದ್ರೆ ಬೇಡ ಹೋಗು ಅಂದ್ಬಿಟ್ರೆ?"

ಅವಳ ಭಯ ಇದ್ದದ್ದು ದುಡ್ಡಿನ ಬಗ್ಗೆ ಅಲ್ಲ, ಕೆಲಸದ ಬಗ್ಗೆ. ಆಗ ನಾನು ಸಮಾಧಾನದ ಮಾತು ಬಿಟ್ಟು ಆಫರ್ ಲೆಟರ್ ತೆಗೆಸಿದೆ. ಜೊತೆಗೆ ಬಂದಿದ್ದ ಸ್ವಾಗತದ ಇಮೇಲ್‌ನ ಕೊನೆಯಲ್ಲಿ ಒಂದು ಸಾಲು ಇತ್ತು: ಪೇರೋಲ್ ಕಟ್-ಆಫ್ ಪ್ರತಿ ತಿಂಗಳ 20. ಅಂದರೆ ಆ ತಿಂಗಳ ಸಂಬಳದ ಪಟ್ಟಿ 20ಕ್ಕೇ ಮುಚ್ಚುತ್ತೆ.

ಇಬ್ಬರೂ ಕಾಗದದ ಮೇಲೆ ಲೆಕ್ಕ ಹಾಕಿದೆವು. ತಿಂಗಳ ಕೊನೆಗೆ ಸಂಬಳ ಹಾಕಬೇಕು ಅಂದರೆ ಹಾಜರಿ, ರಜೆ, ಹೊಸಬರ ಹೆಸರು, ಬ್ಯಾಂಕ್ ಖಾತೆ ಎಲ್ಲವನ್ನೂ ಕೆಲವು ದಿನ ಮುಂಚೆಯೇ ಮುಚ್ಚಿ ಲೆಕ್ಕ ಮಾಡಬೇಕು. ಹಳಬರು 21ರಿಂದ 30ರವರೆಗೆ ಬಂದೇ ಬರುತ್ತಾರೆ ಅಂತ ಹಿಡಿದು ಪೂರ್ತಿ ಸಂಬಳ ಹಾಕುತ್ತಾರೆ, ನಡುವೆ ಸಂಬಳವಿಲ್ಲದ ರಜೆ ಹಾಕಿದ್ದರೆ ಮುಂದಿನ ತಿಂಗಳು ಹಿಡಿಯುತ್ತಾರೆ. ಇವಳು 23ಕ್ಕೆ ಬಂದವಳು, ಆ ಹೊತ್ತಿಗೆ ಜೂನ್ ಪಟ್ಟಿ ಮುಚ್ಚಿತ್ತು. ಅದರಲ್ಲಿ ಇವಳ ಹೆಸರಿಲ್ಲ, ಆದರೆ ಕೆಲಸ ಇದೆ.

ಜೂನ್‌ನಲ್ಲಿ 23ರಿಂದ 30, ಅಂದರೆ 8 ದಿನ. ನಡುವಿನ ಭಾನುವಾರವೂ ಸೇರುತ್ತೆ, ಯಾಕಂದ್ರೆ ಅಲ್ಲಿ ತಿಂಗಳ ಎಲ್ಲ ದಿನಗಳಿಂದ ಭಾಗಿಸುತ್ತಾರೆ (26ರಿಂದ ಭಾಗಿಸುವ ಕಡೆ ವಾರದ ರಜೆ ಎಣಿಸಲ್ಲ). 24,000ವನ್ನು 30ರಿಂದ ಭಾಗಿಸಿ 8ರಿಂದ ಗುಣಿಸಿದರೆ 6,400. ಕಂಪನಿಯ ಲೆಕ್ಕದಲ್ಲಿ ಅದು ಜುಲೈ 31ಕ್ಕೆ ಅರಿಯರ್ಸ್, ಅಂದರೆ ಹಿಂದಿನ ಬಾಕಿ ಅಂತ ಜುಲೈ ಸಂಬಳದ ಜೊತೆ ಬರಬೇಕು, ಪಿಎಫ್ ಹಿಡಿಯುವ ಮುಂಚೆ ಒಟ್ಟು 30,400. ದುಡ್ಡು ಎಲ್ಲೂ ಹೋಗಿಲ್ಲ, ಆದರೆ ಸೇರಿದ ದಿನದಿಂದ 39ನೇ ದಿನದವರೆಗೆ ಕೈ ಖಾಲಿ.

ಇಲ್ಲಿ ಸುಮ್ನೆ ಕಾಯಿ ಅಂತ ನಾನು ಹೇಳಲಿಲ್ಲ. ಕಟ್-ಆಫ್ ಅನ್ನೋದು ಕಂಪನಿಯ ಅನುಕೂಲ, ಕಾನೂನಲ್ಲ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖು ದಾಟುವ ಮುಂಚೆ ಕೊಡಬೇಕು ಅಂತ 2019ರ ವೇತನ ಸಂಹಿತೆ ಹೇಳುತ್ತೆ. ತಿಂಗಳ ಲೆಕ್ಕದ ಕಂಪನಿಯಲ್ಲಿ ಜೂನ್‌ನ ಆ 8 ದಿನದ ದುಡ್ಡು ಜುಲೈ 7ರೊಳಗೆ ಬರಬೇಕಾದದ್ದೇ. ಹಾಗಂತ ಮೊದಲ ತಿಂಗಳಲ್ಲೇ ಕಾರ್ಮಿಕ ಇಲಾಖೆಗೆ ಹೋಗು ಅನ್ನಲೂ ಇಲ್ಲ. ಎಚ್‌ಆರ್‌ಗೆ ಇಮೇಲ್ ಬರೆಸಿದೆ, ಅಲ್ಲೇ ಕೂತು: "ನಾನು 23ಕ್ಕೆ ಸೇರಿದ್ದೇನೆ. ಜೂನ್‌ನ 8 ದಿನದ ಸಂಬಳ ಯಾವ ತಾರೀಖಿಗೆ ಬರುತ್ತದೆ? ಜುಲೈ ಜೊತೆ ಅಂತಾದರೆ, ಅದರಲ್ಲಿ 5,000 ಈಗಲೇ ಅಡ್ವಾನ್ಸ್ ಆಗಿ ಸಿಗಬಹುದೇ?" ಕಳಿಸುವ ಬಟನ್ ಒತ್ತುವ ಮುಂಚೆ ಎರಡು ಸಲ ಫೋನ್ ಕೆಳಗಿಟ್ಟಳು. ಸಾಲದ ಆ್ಯಪ್ ಅಳಿಸಿಹಾಕು ಅಂತ ಖಡಾಖಂಡಿತವಾಗಿ ಹೇಳಿದೆ. ಬರುವುದು ಖಚಿತ ಇರುವ ದುಡ್ಡಿಗೆ ಬಡ್ಡಿ ಯಾಕೆ ಕಟ್ಟಬೇಕು?

ಆಪ್ತಸಲಹೆಗಾರರು ಸಂಬಳದ ಲೆಕ್ಕ ಮಾಡಿಕೊಡೋದು ಎಷ್ಟು ಸರಿ ಅಂತ ನಮ್ಮವರೇ ಒಬ್ಬರು ಕೇಳಿದರು. ನಾನು ಮಾಡ್ತೀನಿ. ಒಂದು ತಾರೀಖು ಗೊತ್ತಾಗದೆ ಹುಟ್ಟಿದ ದಿಗಿಲನ್ನು ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದರೆ ಆ ಹುಡುಗಿಗೆ ಅನ್ಯಾಯ ಅಲ್ವಾ?

ಮಾರನೇ ದಿನ ಉತ್ತರ ಬಂತು, ಎರಡು ದಿನಕ್ಕೆ 5,000 ಅಡ್ವಾನ್ಸ್ ಕೂಡ. ಜುಲೈ 31ಕ್ಕೆ ಅದನ್ನು ಹಿಡಿದುಕೊಂಡು ಉಳಿದದ್ದು ಹಾಕಿದರು.

ನೀವೂ ಇಂಥದ್ದರಲ್ಲಿದ್ದರೆ ಸ್ಲಿಪ್‌ನಲ್ಲಿ ದಿನಗಳ ಕಾಲಂ ನೋಡಿ. ಕೆಲವು ಕಡೆ ತಿಂಗಳು ಅಂದರೆ ಹಿಂದಿನ ತಿಂಗಳ 21ರಿಂದ ಈ ತಿಂಗಳ 20. ಅಂಥ ಕಡೆ ಆಗಿದ್ದರೆ ಇವಳಿಗೆ ಜುಲೈ 31ಕ್ಕೆ 28 ದಿನದ 22,400 ಬರುತ್ತಿತ್ತು, ಜುಲೈ 21ರಿಂದ 31ರ ಕೂಲಿ ಆಗಸ್ಟ್ ಕೊನೆಗೆ. ಆ ಹನ್ನೊಂದು ದಿನದ ಅಂತರ ಕೆಲಸ ಬಿಡುವವರೆಗೂ ಹಾಗೇ ಮುಂದೆ ಹೋಗುತ್ತೆ, ಕೊನೆಯ ಸೆಟಲ್‌ಮೆಂಟ್‌ನಲ್ಲಿ ಕೇಳಿ ಪಡೆಯಬೇಕು. ಅರಿಯರ್ಸ್ ಬರುವ ಕಡೆ ಆಗಸ್ಟ್‌ನಲ್ಲಿ ಜುಲೈಗಿಂತ ಕಡಿಮೆ ಬರುತ್ತೆ. ಸಂಬಳ ಕಡಿತ ಮಾಡಿದರು ಅಂತ ಹೆದರಿ ಬಂದವರೂ ಇದ್ದಾರೆ, ಅದು ಬರೀ 6,400 ಒಮ್ಮೆ ಬಂದು ಹೋದದ್ದು.