ತಟ್ಟೆಗೂ ಸೂಜಿಗೂ ನಡುವಿನ ಅರ್ಧ ಗಂಟೆ

‘ಬೆಳಿಗ್ಗೆ ಏಳೂವರೆಗೆ ರೆಗ್ಯುಲರ್ ಇನ್ಸುಲಿನ್ ಚುಚ್ಚಿಕೊಂಡು ಕೂಡಲೇ ಇಡ್ಲಿ ತಿನ್ನುತ್ತೇನೆ. ಒಂಬತ್ತೂವರೆಗೆ ಸಕ್ಕರೆ 260 ಇರುತ್ತದೆ. ಹನ್ನೊಂದೂವರೆಗೆ ಕಚೇರಿಯಲ್ಲಿ ಬೆವರಿ ಕೈ ನಡುಗುತ್ತದೆ, ಆಗ ನೋಡಿದರೆ 62! ರಾತ್ರಿ ಗ್ಲಾರ್ಜಿನ್ ಇನ್ಸುಲಿನ್ ಬೇರೆ ಇದೆ. ಡೋಸ್ ಹೆಚ್ಚಿಸಬೇಕೆ, ಇಳಿಸಬೇಕೆ?’
– ಓದುಗರು, ಡೊಂಬಿವಲಿ

ಡೋಸ್‌ಗೆ ಕೈಹಚ್ಚುವ ಮೊದಲು ಗಡಿಯಾರ ನೋಡಿ. ರೆಗ್ಯುಲರ್ ಇನ್ಸುಲಿನ್‌ನ ಅಣುಗಳು ಬಾಟಲಿಯಲ್ಲಿ ಆರಾರರ ಗುಂಪುಗಳಾಗಿರುತ್ತವೆ. ಚರ್ಮದಡಿ ಆ ಗುಂಪು ಬಿಡಿಬಿಡಿಯಾದ ಮೇಲೆಯೇ ಅವು ರಕ್ತಕ್ಕೆ ಸಲೀಸಾಗಿ ಸೇರುತ್ತವೆ. ಹೀಗಾಗಿ ಕೆಲಸ ಶುರುವಾಗಲು ಸುಮಾರು ಅರ್ಧ ಗಂಟೆ ಬೇಕು. ಜೋರು ಸೂಜಿ ಹಾಕಿಕೊಂಡ ಎರಡರಿಂದ ನಾಲ್ಕು ಗಂಟೆಯ ನಂತರ, ಪ್ರಭಾವ ಉಳಿಯುವುದು ಐದರಿಂದ ಎಂಟು ಗಂಟೆ. ನಿಮ್ಮ ಇಡ್ಲಿ ಅಷ್ಟು ಕಾಯುವುದಿಲ್ಲ. ಅದರ ಸಕ್ಕರೆ ಎಂಟೂವರೆಗೆಲ್ಲ ರಕ್ತದಲ್ಲಿ ಏರಿರುತ್ತದೆ, ಇನ್ಸುಲಿನ್ ಇನ್ನೂ ಮೈಮುರಿಯುತ್ತಿರುತ್ತದೆ. ಹನ್ನೊಂದರ ಹೊತ್ತಿಗೆ ಇಡ್ಲಿ ಕರಗಿಹೋಗಿದೆ, ಇನ್ಸುಲಿನ್ ಮಾತ್ರ ಭರದಲ್ಲಿದೆ. 260ನ್ನು ನೋಡಿ ಡೋಸ್ ಏರಿಸಿದರೆ ಹನ್ನೊಂದೂವರೆಯ ನಡುಕ ಇನ್ನಷ್ಟು ಕೆಟ್ಟದಾಗುತ್ತದೆ.

ಆದ್ದರಿಂದ ಏಳೂವರೆಯ ತಿಂಡಿಗೆ ಏಳು ಗಂಟೆಗೆ ಸೂಜಿ. ಮಾಟುಂಗಾದಲ್ಲಿರುವ ನನ್ನ ಅಕ್ಕ ಸೂಜಿ ಹಾಕಿಕೊಂಡ ಮೇಲೆಯೇ ಇಡ್ಲಿ ಪಾತ್ರೆ ಒಲೆಗೇರಿಸಿ ಚಟ್ನಿ ರುಬ್ಬುತ್ತಾಳೆ. ಅವಳಿಗೆ ಬೇರೆ ಅಲಾರಂ ಬೇಕಿಲ್ಲ. ಆದರೆ ಸೂಜಿ ಹಾಕಿಕೊಂಡು ತಿಂಡಿಯನ್ನು ಡಬ್ಬಿಯಲ್ಲಿಟ್ಟು ಲೋಕಲ್ ಹತ್ತಬೇಡಿ. ಗಾಡಿ ಕುರ್ಲಾದ ಹತ್ತಿರ ನಿಂತುಬಿಟ್ಟರೆ ಇನ್ಸುಲಿನ್ ನಿಲ್ಲುವುದಿಲ್ಲ. ತಿಂಡಿಗೆ ಮುಂಚೆಯೇ ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಅರ್ಧ ಗಂಟೆಯ ನಿಯಮ ಪಕ್ಕಕ್ಕಿರಲಿ. ಮೊದಲು ಮೂರು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಕಚೇರಿಯಲ್ಲಿ ನಡುಕ ಬಂದಾಗಲೂ ಇದೇ ಚಿಕಿತ್ಸೆ.

ಸೂಜಿ ಮುಂಚಿತವಾದರೂ ರೆಗ್ಯುಲರ್‌ನ ಪ್ರಭಾವದ ಆ ದೀರ್ಘ ಬಾಲ ಪೂರ್ತಿ ಹೋಗುವುದಿಲ್ಲ. ಹತ್ತೂವರೆಗೆ ಏನಾದರೂ ಸ್ವಲ್ಪ ತಿನ್ನಬೇಕಾಗಬಹುದು. ಅದು ಆಗದ ಕೆಲಸವೆನಿಸಿದರೆ ಲಿಸ್ಪ್ರೊ ಅಥವಾ ಆಸ್ಪಾರ್ಟ್‌ನಂಥ ವೇಗದ ಇನ್ಸುಲಿನ್ ಬಗ್ಗೆ ವೈದ್ಯರನ್ನು ಕೇಳಿ. ಅವುಗಳ ಅಣುಗಳು ಬೇಗ ಬಿಡಿಯಾಗುವಂತೆ ಬದಲಾಯಿಸಲಾಗಿದೆ. ಸುಮಾರು ಹದಿನೈದು ನಿಮಿಷಕ್ಕೆ ಶುರು, ಒಂದೆರಡು ಗಂಟೆಗೆ ಜೋರು, ಮೂರರಿಂದ ಐದು ಗಂಟೆಗೆ ಮುಗಿಯಿತು. ತಟ್ಟೆ ಮುಂದೆ ಬರುವ ಹತ್ತು ಹದಿನೈದು ನಿಮಿಷ ಮೊದಲು ಹಾಕಿಕೊಂಡರೆ ಸಾಕು. ಬೆಲೆ ಹೆಚ್ಚು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಗ್ಲಾರ್ಜಿನ್‌ಗೆ ಊಟದ ಹಂಗಿಲ್ಲ. ಒಂದೆರಡು ಗಂಟೆಗೆ ಶುರುವಾಗಿ, ಹೇಳಿಕೊಳ್ಳುವಂಥ ಶಿಖರವಿಲ್ಲದೆ, ಸುಮಾರು ಒಂದು ದಿನ ಹರಿಯುತ್ತದೆ. ಅದಕ್ಕೆ ಬೇಕಾದದ್ದು ದಿನವೂ ಅದೇ ಹೊತ್ತು. ಇದೂ ರೆಗ್ಯುಲರ್‌ನಂತೆಯೇ ತಿಳಿ ನೀರಿನ ಹಾಗಿರುವುದರಿಂದ, ಅರೆನಿದ್ದೆಯಲ್ಲಿ ಬಾಟಲಿ ಅದಲುಬದಲಾದೀತು. ಪ್ರತಿ ಸಲ ಹೆಸರು ಓದಿ.

ಒಂದು ವಾರ ಸೂಜಿಯ ಹೊತ್ತು, ತಿಂಡಿಯ ಹೊತ್ತು, ಒಂಬತ್ತೂವರೆ ಮತ್ತು ಹನ್ನೊಂದೂವರೆಯ ಸಕ್ಕರೆ ಬರೆದಿಡಿ. ಡೋಸ್ ಬದಲಿಸುವ ಮಾತನ್ನು ಆ ಹಾಳೆ ಹಿಡಿದುಕೊಂಡು ವೈದ್ಯರೊಂದಿಗೆ ಆಡಿ.

– ಸಂಪಾದಕ