ಐದು ಸಾಲಿನ ಪರಿವಿಡಿ ಸಾಕು

“ನಮಸ್ಕಾರ ಮೇಡಂ. ಮನೆಯಲ್ಲೇ ಕಾಂಪೋಸ್ಟ್ ಮಾಡೋದರ ಬಗ್ಗೆ ದೊಡ್ಡ ಲೇಖನ ಕಳಿಸಿದ್ದೀನಿ. ಓದೋರಿಗೆ ಅನುಕೂಲ ಆಗಲಿ ಅಂತ ಮೇಲೆ 18 ಸಾಲಿನ ಪರಿವಿಡಿ, ಜಂಪ್ ಲಿಂಕ್ ಎಲ್ಲಾ ಹಾಕಿದ್ದೀನಿ. ಸರಿ ಇದೆಯಾ ನೋಡಿ ಹೇಳ್ತೀರಾ?”

ನಮಸ್ಕಾರ. ಲೇಖನ ಗಟ್ಟಿಯಾಗಿದೆ, ಪರಿವಿಡಿ ಸರಿಯಿಲ್ಲ. ಫೋನಿನಲ್ಲಿ ತೆರೆದರೆ ಪರದೆ ತುಂಬಾ ಲಿಂಕುಗಳೇ ಕಾಣುತ್ತವೆ. ಅವನ್ನೆಲ್ಲ ದಾಟಿದ ಮೇಲೆ ನಿಮ್ಮ ಮೊದಲ ವಾಕ್ಯ ಸಿಗುತ್ತದೆ.

ಲೇಖನದ ಮೊದಲರ್ಧ ನೋಡಿ. ಡಬ್ಬಕ್ಕೆ ತೂತು ಕೊರೆಯುವುದು, ಒಣ ಎಲೆ ಹಾಸುವುದು, ಹಸಿ ಕಸ ಹಾಕುವುದು. ಇದನ್ನು ಯಾರೂ ನಡುವಿನಿಂದ ಓದುವುದಿಲ್ಲ, ಅಲ್ವಾ? ಒಂದರ ನಂತರ ಒಂದು ಮಾಡಬೇಕಾದ ಕೆಲಸಕ್ಕೆ ಜಂಪ್ ಲಿಂಕ್ ಬೇಡ. ನೀವು ಅಷ್ಟಕ್ಕೇ 11 ಸಾಲು ಕೊಟ್ಟಿದ್ದೀರಿ. ಎರಡನೇ ಅರ್ಧ ಹಾಗಲ್ಲ. ಕಾಂಪೋಸ್ಟ್ ಶುರು ಮಾಡಿ ಕೆಲವು ವಾರ ಆದ ಮೇಲೆ, ಮುಚ್ಚಳ ತೆಗೆದಾಗ ಗಬ್ಬು ವಾಸನೆ ಬಂದವರು ಮತ್ತೆ ಇಲ್ಲಿಗೆ ಬರುತ್ತಾರೆ. ಪರಿವಿಡಿ ಬೇಕಾಗಿರುವುದು ಅವರಿಗೆ.

ಹಾಗಾಗಿ ಐದೇ ಸಾಲು ಇಡಿ: ಡಬ್ಬ ಸಿದ್ಧ ಮಾಡಿ ತುಂಬುವುದು, ವಾಸನೆ ಬಂದರೆ, ಇರುವೆ ಮುತ್ತಿದರೆ, ಬಿಳಿ ಹುಳ ಕಂಡರೆ, ಗೊಬ್ಬರ ಆಗಿದೆಯೇ ಎಂದು ನೋಡುವುದು. ‘ಇನ್ನಷ್ಟು ಮಾಹಿತಿ’, ‘ಕೆಲವು ಸಮಸ್ಯೆಗಳು’ ಎಂಬ ನಿಮ್ಮ ಶೀರ್ಷಿಕೆಗಳನ್ನು ನೋಡಿದರೆ ಒಳಗೇನಿದೆ ಎಂದು ಗೊತ್ತಾಗುವುದಿಲ್ಲ. ಅವನ್ನು ತೆಗೆಯಿರಿ.

ಇನ್ನೊಂದು ಮುಖ್ಯ ವಿಷಯ. ವಾಸನೆಯ ಭಾಗದಲ್ಲಿ ‘ಮೇಲೆ ಹೇಳಿದ ಪ್ರಮಾಣದಲ್ಲಿ ಒಣ ಎಲೆ ಸೇರಿಸಿ’ ಎಂದು ಬರೆದಿದ್ದೀರಿ. ಲಿಂಕ್ ಒತ್ತಿ ನೇರವಾಗಿ ಅಲ್ಲಿಗೆ ಬಂದವರು ‘ಮೇಲೆ’ ಹೇಳಿದ್ದನ್ನು ಓದಿಯೇ ಇಲ್ಲ. ಅಲ್ಲೇ ಪೂರ್ತಿ ಹೇಳಿ: ನೀರಿನಂಶ ಜಾಸ್ತಿಯಾಗಿ ಗಾಳಿ ಆಡದಿದ್ದರೆ ವಾಸನೆ ಬರುತ್ತದೆ, ಕೋಲಿನಿಂದ ತಿರುವಿ ಹಾಕಿ, ಒಂದು ಬೊಗಸೆ ಹಸಿ ಕಸಕ್ಕೆ ಎರಡು ಬೊಗಸೆ ಒಣ ಎಲೆ ಸೇರಿಸಿ. ಒಂದು ಸಾಲು ಎರಡು ಕಡೆ ಬಂದರೆ ಪರವಾಗಿಲ್ಲ.

ಲಿಂಕಿನ ಗುರುತನ್ನು ಕನ್ನಡದಲ್ಲಿ ಕೊಟ್ಟಿದ್ದೀರಿ. ಅದು ಕೆಲಸ ಮಾಡುತ್ತದೆ. ಆದರೆ ವಿಳಾಸವನ್ನು ಕಾಪಿ ಮಾಡಿ ಯಾರಿಗಾದರೂ ಕಳಿಸುವಾಗ ‘ವಾಸನೆ’ ಎಂಬುದು ಸಾಮಾನ್ಯವಾಗಿ `%E0%B2%B5` ಎಂದು ಶುರುವಾಗಿ 45 ಅಕ್ಷರದ ಬಾಲವಾಗುತ್ತದೆ. ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿ ಹೀಗೆ ಕೊಡಿ:

```html
<a href="#vasane">ವಾಸನೆ ಬಂದರೆ</a>

<h2 id="vasane">ವಾಸನೆ ಬಂದರೆ</h2>
```

`bhaga3` ಎಂಬಂಥ ಅಂಕಿಯ ಗುರುತು ಬೇಡ. ನಾಳೆ ನಡುವೆ ಒಂದು ಭಾಗ ಸೇರಿಸಿ ಅಂಕಿ ಬದಲಾದರೆ ಹಳೆಯ ಲಿಂಕುಗಳು ಬೇರೆ ಕಡೆಗೆ ಹೋಗುತ್ತವೆ. ಒಂದೇ ಗುರುತನ್ನು ಎರಡು ಕಡೆ ಹಾಕಬೇಡಿ, ಮೊದಲನೆಯದಕ್ಕೇ ಹೋಗಿ ನಿಲ್ಲುತ್ತದೆ. ‘ಇರುವೆ’ ಒತ್ತಿದಾಗ ‘ವಾಸನೆ’ಗೆ ಹೋಗುತ್ತಿರುವುದು ಇದಕ್ಕೇ.

ಲಿಂಕ್ ಒತ್ತಿ ಬಂದಾಗ, ನಮ್ಮ ಪುಟದ ಮೇಲ್ತುದಿಗೆ ಅಂಟಿಕೊಂಡಿರುವ ಅಡ್ಡಪಟ್ಟಿ ಶೀರ್ಷಿಕೆಯನ್ನು ಮುಚ್ಚುತ್ತದೆ. ಅದಕ್ಕೆ ಶೀರ್ಷಿಕೆಯ ಮೇಲೆ ಜಾಗ ಬಿಡಿಸುವ `scroll-margin-top` ನಾವೇ ಹಾಕುತ್ತೇವೆ. ನೀವು ಪರಿವಿಡಿ ಮತ್ತು ‘ವಾಸನೆ ಬಂದರೆ’ಯಿಂದ ಕೊನೆಯವರೆಗಿನ ನಾಲ್ಕು ಭಾಗಗಳನ್ನು ತಿದ್ದಿ, ಫೋನಿನಲ್ಲಿ ಐದೂ ಲಿಂಕ್ ಒತ್ತಿ ನೋಡಿ ಕಳಿಸಿ.